ಪಾಸಿಟಿವ್ ಬಂದವರಲ್ಲಿ ರೋಗಿಗಳು ಎಷ್ಟು ಮಂದಿ? ಪಠ್ಯಪುಸ್ತಕದ ಒಂದು ಲೆಕ್ಕ ಮತ್ತು ಬೇಯ್ಸ್ ಪ್ರಮೇಯ

ಕರ್ನಾಟಕದಲ್ಲಿ ದ್ವಿತೀಯ ಪಿಯುಸಿ ಓದುವ ಮಕ್ಕಳು ವಿದೇಶದಲ್ಲಿರುವ ಚಿಕ್ಕಪ್ಪನಿಗೋ ಅತ್ತೆಗೋ ಫೋನಿನಲ್ಲಿ ಚಿತ್ರ ತೆಗೆದು ಕಳಿಸುವ ಗಣಿತದ ಪ್ರಶ್ನೆಗಳಲ್ಲಿ ಒಂದು ಹೀಗಿದೆ. ಎನ್‌ಸಿಇಆರ್‌ಟಿಯ ಹನ್ನೆರಡನೆಯ ತರಗತಿಯ ಪುಸ್ತಕದಲ್ಲಿ, ಸಂಭವನೀಯತೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಒಂದು ರಕ್ತಪರೀಕ್ಷೆಯು ರೋಗವಿದ್ದವರಲ್ಲಿ ಶೇಕಡಾ 99 ಮಂದಿಯನ್ನು ಸರಿಯಾಗಿ ಗುರುತಿಸುತ್ತದೆ. ಆರೋಗ್ಯವಂತರಲ್ಲಿ ಶೇಕಡಾ 0.5 ಮಂದಿಗೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ. ಜನಸಂಖ್ಯೆಯಲ್ಲಿ ಶೇಕಡಾ 0.1 ಮಂದಿಗೆ ಆ ರೋಗವಿದೆ. ಹಾಗಾದರೆ ಪಾಸಿಟಿವ್ ಬಂದ ಒಬ್ಬ ವ್ಯಕ್ತಿಗೆ ನಿಜವಾಗಿ ರೋಗವಿರುವ ಸಂಭವನೀಯತೆ ಎಷ್ಟು?

ಪುಸ್ತಕದ ಕೊನೆಯಲ್ಲಿ ಕೊಟ್ಟಿರುವ ಉತ್ತರ 22/133. ಅಂದರೆ ಸುಮಾರು ಶೇಕಡಾ 16.5, ಆರು ಮಂದಿಯಲ್ಲಿ ಒಬ್ಬರಿಗೆ ಮಾತ್ರ ರೋಗ. ಚಿತ್ರ ಕಳಿಸಿದ ವಿದ್ಯಾರ್ಥಿ ಇದನ್ನು ಅಚ್ಚಿನ ದೋಷವೆಂದು ಭಾವಿಸಿರುತ್ತಾನೆ. ಶೇಕಡಾ 99 ಸರಿಯಾದ ಪರೀಕ್ಷೆಯೊಂದು ಆರಕ್ಕೆ ಐದು ಬಾರಿ ತಪ್ಪು ಹೇಳುವುದು ಹೇಗೆ ಸಾಧ್ಯ?

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದರಂತೆ ಕಾಣುತ್ತವೆ. ರೋಗವಿದ್ದವರಲ್ಲಿ ಎಷ್ಟು ಮಂದಿಗೆ ಪಾಸಿಟಿವ್ ಬರುತ್ತದೆ ಎಂಬುದು ಒಂದು. ಪಾಸಿಟಿವ್ ಬಂದವರಲ್ಲಿ ಎಷ್ಟು ಮಂದಿಗೆ ರೋಗವಿದೆ ಎಂಬುದು ಇನ್ನೊಂದು. ಕನ್ನಡ ಮಾತೃಭಾಷೆಯವರಲ್ಲಿ ಬಹುಪಾಲು ಜನ ಭಾರತದಲ್ಲಿದ್ದಾರೆ. ಆದರೆ ಭಾರತದಲ್ಲಿರುವವರಲ್ಲಿ ಕನ್ನಡ ಮಾತೃಭಾಷೆಯವರು, 2011ರ ಜನಗಣತಿಯ ಪ್ರಕಾರ, ನೂರಕ್ಕೆ ನಾಲ್ವರಿಗಿಂತ ಕಡಿಮೆ. ಈ ಎರಡು ಸಂಗತಿಗಳನ್ನು ನಾವು ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಏಕೆಂದರೆ ಎರಡು ಗುಂಪುಗಳ ಗಾತ್ರ ನಮಗೆ ಗೊತ್ತಿದೆ. ರಕ್ತಪರೀಕ್ಷೆಯ ಲೆಕ್ಕದಲ್ಲಿ ಗುಂಪುಗಳ ಗಾತ್ರ ಕಣ್ಣಿಗೆ ಬೀಳುವುದಿಲ್ಲ. ಶೇಕಡಾವಾರುಗಳ ಹಿಂದೆ ಅಡಗಿರುತ್ತದೆ. ಆದ್ದರಿಂದ ಮೊದಲು ಮಾಡಬೇಕಾದ ಕೆಲಸವೆಂದರೆ ಶೇಕಡಾವಾರನ್ನು ಬಿಟ್ಟು ತಲೆ ಎಣಿಸುವುದು.

ಎರಡು ಲಕ್ಷ ಜನರಿರುವ ಒಂದು ಪಟ್ಟಣವನ್ನು ತೆಗೆದುಕೊಳ್ಳೋಣ. (ಒಂದು ಲಕ್ಷವೆಂದರೆ ಕೊನೆಯಲ್ಲಿ ಅರ್ಧ ಮನುಷ್ಯ ಉಳಿಯುತ್ತಾನೆ, ಎರಡು ಲಕ್ಷಕ್ಕೆ ಎಲ್ಲ ಸಂಖ್ಯೆಗಳೂ ಪೂರ್ಣವಾಗಿ ಬರುತ್ತವೆ.) ಶೇಕಡಾ 0.1 ಎಂದರೆ ಸಾವಿರಕ್ಕೆ ಒಬ್ಬರು. ಆದ್ದರಿಂದ ರೋಗಿಗಳು 200, ಆರೋಗ್ಯವಂತರು 1,99,800. ರೋಗಿಗಳಲ್ಲಿ ಶೇಕಡಾ 99, ಅಂದರೆ 198 ಮಂದಿಗೆ ಪಾಸಿಟಿವ್ ಬರುತ್ತದೆ, ಇಬ್ಬರು ತಪ್ಪಿಸಿಕೊಳ್ಳುತ್ತಾರೆ. ಆರೋಗ್ಯವಂತರಲ್ಲಿ ಶೇಕಡಾ 0.5, ಅಂದರೆ 999 ಮಂದಿಗೆ ಸುಳ್ಳು ಪಾಸಿಟಿವ್ ಬರುತ್ತದೆ. ಒಟ್ಟು ಪಾಸಿಟಿವ್ ಬಂದವರು 1,197. ಅವರಲ್ಲಿ ನಿಜವಾದ ರೋಗಿಗಳು 198. ಎರಡನ್ನೂ 9ರಿಂದ ಭಾಗಿಸಿದರೆ 22/133.

ಪರೀಕ್ಷೆ ಕೆಟ್ಟದ್ದೇನಲ್ಲ. ತಪ್ಪಿನ ಪ್ರಮಾಣ ಸಣ್ಣದೇ. ಆದರೆ ಆ ಸಣ್ಣ ಪ್ರಮಾಣವು ಸುಮಾರು ಎರಡು ಲಕ್ಷ ಜನರ ಮೇಲೆ ಕೆಲಸ ಮಾಡುತ್ತಿದೆ. ದೊಡ್ಡ ಪ್ರಮಾಣದ ಸರಿಯುತ್ತರ ಕೇವಲ ಇನ್ನೂರು ಜನರ ಮೇಲೆ ಕೆಲಸ ಮಾಡುತ್ತಿದೆ. ನೆಗೆಟಿವ್ ಬಂದವರ ಕಡೆ ನೋಡಿದರೆ ಇದೇ ಪರೀಕ್ಷೆಯ ಗುಣ ಕಾಣುತ್ತದೆ. ನೆಗೆಟಿವ್ ಬಂದ 1,98,803 ಮಂದಿಯಲ್ಲಿ ರೋಗಿಗಳು ಇಬ್ಬರೇ.

ಇದೇ ಎಣಿಕೆಯನ್ನು ಸೂತ್ರವಾಗಿ ಬರೆದರೆ ಬೇಯ್ಸ್ ಪ್ರಮೇಯವಾಗುತ್ತದೆ. ಥಾಮಸ್ ಬೇಯ್ಸ್ ಇಂಗ್ಲೆಂಡಿನ ಒಬ್ಬ ಪಾದ್ರಿ. ಆತ 1761ರಲ್ಲಿ ತೀರಿಕೊಂಡ ಮೇಲೆ ಗೆಳೆಯ ರಿಚರ್ಡ್ ಪ್ರೈಸ್ ಕಾಗದಗಳಲ್ಲಿ ದೊರೆತ ಪ್ರಬಂಧವನ್ನು ರಾಯಲ್ ಸೊಸೈಟಿಗೆ ಕಳಿಸಿದ. ಅದು 1763ರಲ್ಲಿ ಬೆಳಕು ಕಂಡಿತು. ನಮ್ಮ ಲೆಕ್ಕಕ್ಕೆ ಅದು ಹೀಗೆ ಬರುತ್ತದೆ. ಇಲ್ಲಿ D ಎಂದರೆ ರೋಗವಿರುವುದು, + ಎಂದರೆ ಪಾಸಿಟಿವ್ ಬರುವುದು:

```
P(D|+) = (0.99 × 0.001) / (0.99 × 0.001 + 0.005 × 0.999)
       = 0.00099 / 0.005985
       = 22/133
```

ಚಿತ್ರದಲ್ಲಿ ಬಂದ ಪ್ರಶ್ನೆಯನ್ನು ಬಿಡಿಸುವಾಗ ಒಂದು ಎಚ್ಚರ ಬೇಕು. ಮಂದ ಬೆಳಕಿನಲ್ಲಿ, ಓರೆಯಾಗಿ ತೆಗೆದ ಚಿತ್ರದಲ್ಲಿ ಮೊದಲು ಮಾಯವಾಗುವುದು ದಶಮಾಂಶ ಬಿಂದು ಮತ್ತು ಶೇಕಡಾ ಚಿಹ್ನೆ. ಈ ಲೆಕ್ಕದಲ್ಲಿ ಇಡೀ ಉತ್ತರ ಅವುಗಳ ಮೇಲೆ ನಿಂತಿದೆ. 0.5 ಎಂಬುದನ್ನು 5 ಎಂದು ಓದಿದರೆ ಸುಳ್ಳು ಪಾಸಿಟಿವ್ 999ರ ಬದಲು 9,990 ಆಗುತ್ತದೆ. ಉತ್ತರ ಶೇಕಡಾ 2ಕ್ಕಿಂತ ಕೆಳಗೆ ಇಳಿಯುತ್ತದೆ. ರೋಗದ ಪ್ರಮಾಣ ಶೇಕಡಾ 0.1 ಎಂಬುದನ್ನು ಶೇಕಡಾ ಚಿಹ್ನೆಯಿಲ್ಲದೆ ಬರೇ 0.1 ಎಂದು ತೆಗೆದುಕೊಂಡರೆ, ಹತ್ತಕ್ಕೊಬ್ಬರಿಗೆ ರೋಗವೆಂದಾಗಿ ಉತ್ತರ ಸುಮಾರು ಶೇಕಡಾ 95.7ಕ್ಕೆ ಏರುತ್ತದೆ. ಎರಡನೆಯ ತಪ್ಪು ಹೆಚ್ಚು ಅಪಾಯಕಾರಿ. ಏಕೆಂದರೆ ಆ ಉತ್ತರ ನಮ್ಮ ಸಹಜ ನಿರೀಕ್ಷೆಗೆ ಹತ್ತಿರವಾಗಿದೆ. ಯಾರೂ ಮರಳಿ ನೋಡುವುದಿಲ್ಲ. ತಲೆ ಎಣಿಸುವ ವಿಧಾನದಲ್ಲಾದರೆ ಎರಡು ಲಕ್ಷದ ಪಟ್ಟಣದಲ್ಲಿ ಇಪ್ಪತ್ತು ಸಾವಿರ ರೋಗಿಗಳು ಎಂದು ಬರೆಯುವಾಗಲೇ ಕೈ ನಿಲ್ಲುತ್ತದೆ.

ಶೇಕಡಾ 5 ಎಂದು ತಪ್ಪಾಗಿ ಓದಿದ ಲೆಕ್ಕಕ್ಕೆ ಬೇರೊಂದು ಚರಿತ್ರೆಯೂ ಇದೆ. ಸಾವಿರಕ್ಕೆ ಒಬ್ಬರಿಗೆ ರೋಗ, ಸುಳ್ಳು ಪಾಸಿಟಿವ್ ಶೇಕಡಾ 5 ಎಂಬ ಪ್ರಶ್ನೆಯನ್ನು ಹಾರ್ವರ್ಡ್ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆಗಳಲ್ಲಿ ವೈದ್ಯರೂ ವಿದ್ಯಾರ್ಥಿಗಳೂ ಸೇರಿ 60 ಮಂದಿಗೆ ಕೇಳಲಾಗಿತ್ತು. ವರದಿ 1978ರಲ್ಲಿ ಪ್ರಕಟವಾಯಿತು. ಸುಮಾರು ಅರ್ಧದಷ್ಟು ಜನ ಶೇಕಡಾ 95 ಎಂದರು. ಶೇಕಡಾ 2 ಎಂಬ ಸರಿಯುತ್ತರ ಕೊಟ್ಟವರು 11 ಮಂದಿ. ಆದ್ದರಿಂದ ಪಿಯುಸಿ ವಿದ್ಯಾರ್ಥಿಯ ಅನುಮಾನವನ್ನು ದಡ್ಡತನವೆಂದು ತಳ್ಳಿಹಾಕುವಂತಿಲ್ಲ.

ಈ ಲೆಕ್ಕವನ್ನು ಇನ್ನೊಂದು ರೀತಿಯಲ್ಲಿಯೂ ಮಾಡಬಹುದು. ಮುಂದಿನ ವಿಚಾರಕ್ಕೆ ಅದೇ ಹೆಚ್ಚು ಅನುಕೂಲ. ಪರೀಕ್ಷೆಗೆ ಮುಂಚೆ ರೋಗವಿರುವ ಮತ್ತು ಇಲ್ಲದಿರುವ ಪಾಲು 1ಕ್ಕೆ 999. ಪಾಸಿಟಿವ್ ಫಲಿತಾಂಶವು ರೋಗಿಯಲ್ಲಿ ಬರುವ ಸಾಧ್ಯತೆ ಆರೋಗ್ಯವಂತರಲ್ಲಿ ಬರುವುದಕ್ಕಿಂತ ಎಷ್ಟು ಪಟ್ಟು ಹೆಚ್ಚು? 99ನ್ನು 0.5ರಿಂದ ಭಾಗಿಸಿದರೆ 198 ಪಟ್ಟು. ಪರೀಕ್ಷೆಯ ತೂಕವೆಂದರೆ ಈ 198. ಮೊದಲಿನ ಪಾಲನ್ನು ಅದರಿಂದ ಗುಣಿಸಿದರೆ 198ಕ್ಕೆ 999, ಅಂದರೆ 22ಕ್ಕೆ 111. ಎರಡನ್ನೂ ಕೂಡಿಸಿದರೆ 133. ಮತ್ತೆ ಅದೇ 22/133.

ಹೀಗೆ ಬರೆದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪರೀಕ್ಷೆಯ ತೂಕ ಒಂದೇ ಇದ್ದರೂ ಫಲಿತಾಂಶದ ಅರ್ಥ ಯಾರನ್ನು ಪರೀಕ್ಷಿಸಿದೆವು ಎಂಬುದರ ಮೇಲೆ ಬದಲಾಗುತ್ತದೆ. ಸಾವಿರಕ್ಕೆ ಒಬ್ಬರು ಎಂಬುದು ಯಾವ ಲಕ್ಷಣವೂ ಇಲ್ಲದ ಜನರನ್ನು ಸಾಲಾಗಿ ನಿಲ್ಲಿಸಿ ಪರೀಕ್ಷಿಸುವಾಗಿನ ಮಾತು. ಜ್ವರ, ತೂಕದ ಇಳಿಕೆ ಮುಂತಾದ ಲಕ್ಷಣಗಳೊಂದಿಗೆ ಬಂದವರಲ್ಲಿ ಹತ್ತಕ್ಕೊಬ್ಬರಿಗೆ ಆ ರೋಗವಿದೆ ಎಂದಿಟ್ಟುಕೊಂಡರೆ, 1ಕ್ಕೆ 9 ಎಂಬ ಪಾಲನ್ನು 198ರಿಂದ ಗುಣಿಸಿದಾಗ 22ಕ್ಕೆ 1 ಆಗುತ್ತದೆ. ಅಂದರೆ ಶೇಕಡಾ 95.7. ಶೇಕಡಾ ಚಿಹ್ನೆಯನ್ನು ಕಳೆದುಕೊಂಡಾಗ ಬಂದ ತಪ್ಪು ಉತ್ತರವೇ ಇದು. ಅದು ತಪ್ಪು ಉತ್ತರವೆನ್ನುವುದಕ್ಕಿಂತ ಬೇರೆ ಪ್ರಶ್ನೆಯ ಸರಿಯುತ್ತರ. ವೈದ್ಯರು ದಿನವೂ ನೋಡುವುದು ಲಕ್ಷಣಗಳಿರುವ ರೋಗಿಗಳನ್ನು. ಪಾಸಿಟಿವ್ ಎಂದರೆ ರೋಗವೇ ಎಂಬ ಅವರ ಅನುಭವ ಅಲ್ಲಿಂದ ಹುಟ್ಟಿದ್ದು. ತಪಾಸಣಾ ಶಿಬಿರದಲ್ಲಿ ಅದೇ ಅನುಭವ ದಾರಿ ತಪ್ಪಿಸುತ್ತದೆ.

ಬ್ರಿಟನ್ನಿನಲ್ಲಿರುವ ಓದುಗರಿಗೆ ಇದರ ನಿಜರೂಪ ಅಂಚೆಯಲ್ಲಿ ಬರುತ್ತದೆ. ಅಲ್ಲಿನ ಎನ್‌ಎಚ್‌ಎಸ್ 50ರಿಂದ 71 ವಯಸ್ಸಿನೊಳಗಿನ ಮಹಿಳೆಯರನ್ನು ಮೂರು ವರ್ಷಕ್ಕೊಮ್ಮೆ ಸ್ತನ ತಪಾಸಣೆಗೆ ಕರೆಯುತ್ತದೆ. ಅದರ ಮಾಹಿತಿಪತ್ರದ ಪ್ರಕಾರ ನೂರು ಮಹಿಳೆಯರಲ್ಲಿ ಸುಮಾರು ನಾಲ್ವರಿಗೆ ಹೆಚ್ಚಿನ ಪರೀಕ್ಷೆಗೆ ಮರಳಿ ಬರುವಂತೆ ಪತ್ರ ಹೋಗುತ್ತದೆ. ಆ ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಇರುವುದು ಪತ್ತೆಯಾಗುತ್ತದೆ. ಆ ಪತ್ರವನ್ನು ಕೈಯಲ್ಲಿ ಹಿಡಿದು ರಾತ್ರಿಯೆಲ್ಲ ನಿದ್ದೆಗೆಡುವ ತಾಯಿಗೆ ಗೊತ್ತಿರಬೇಕಾದದ್ದು ಈ ಒಂದು-ನಾಲ್ಕು ಎಂಬ ಪಾಲು. ಪತ್ರವನ್ನು ಬದಿಗೆಸೆಯುವಷ್ಟು ಸಣ್ಣದೂ ಅಲ್ಲ, ರೋಗವೆಂದೇ ತೀರ್ಮಾನಿಸುವಷ್ಟು ದೊಡ್ಡದೂ ಅಲ್ಲ.

ಹಾಗಾದರೆ ಪಾಸಿಟಿವ್ ಬಂದವರಿಗೆ ಇನ್ನೊಮ್ಮೆ ಪರೀಕ್ಷೆ ಮಾಡಿದರಾಯಿತಲ್ಲ ಎಂಬ ಪ್ರಶ್ನೆ ಸಹಜ. ನಮ್ಮ ಲೆಕ್ಕದಲ್ಲಿ 22ಕ್ಕೆ 111 ಎಂಬ ಪಾಲನ್ನು ಮತ್ತೊಮ್ಮೆ 198ರಿಂದ ಗುಣಿಸಿದರೆ 4,356ಕ್ಕೆ 111 ಆಗುತ್ತದೆ; ಎರಡು ಬಾರಿಯೂ ಪಾಸಿಟಿವ್ ಬಂದವರಿಗೆ ರೋಗವಿರುವ ಸಂಭವನೀಯತೆ ಶೇಕಡಾ 97.5. ಆದರೆ ಈ ಗುಣಾಕಾರಕ್ಕೆ ಒಂದು ಷರತ್ತಿದೆ. ಎರಡನೆಯ ಪರೀಕ್ಷೆಯ ತಪ್ಪು ಮೊದಲನೆಯದರ ತಪ್ಪಿನಿಂದ ಸ್ವತಂತ್ರವಾಗಿರಬೇಕು. ರಕ್ತದ ಮಾದರಿ ಅದಲುಬದಲಾಗಿ ಸುಳ್ಳು ಪಾಸಿಟಿವ್ ಬಂದಿದ್ದರೆ ಮರುಪರೀಕ್ಷೆ ಅದನ್ನು ಸರಿಪಡಿಸುತ್ತದೆ. ಆ ವ್ಯಕ್ತಿಯ ರಕ್ತದಲ್ಲಿಯೇ ಇರುವ ಬೇರೊಂದು ಪ್ರತಿಕಾಯ ಪರೀಕ್ಷೆಯ ರಾಸಾಯನಿಕಕ್ಕೆ ಅಂಟಿಕೊಳ್ಳುತ್ತಿದ್ದರೆ, ಅದೇ ಕಿಟ್ಟಿನಲ್ಲಿ ಹತ್ತು ಬಾರಿ ಪರೀಕ್ಷಿಸಿದರೂ ಹತ್ತು ಬಾರಿಯೂ ಪಾಸಿಟಿವ್ ಬರಬಹುದು. ಆಗ ಎರಡನೆಯ ಫಲಿತಾಂಶದ ತೂಕ 198 ಅಲ್ಲ, ಹೆಚ್ಚುಕಡಿಮೆ 1. ಭಾರತದಲ್ಲಿ ಲಕ್ಷಣಗಳಿಲ್ಲದವರಲ್ಲಿ ಎಚ್‌ಐವಿ ಸೋಂಕನ್ನು ದೃಢಪಡಿಸಲು ಬೇರೆ ಬೇರೆ ತತ್ತ್ವದ ಅಥವಾ ಬೇರೆ ಬೇರೆ ಪ್ರತಿಜನಕಗಳನ್ನು ಬಳಸುವ ಮೂರು ಕಿಟ್ಟುಗಳನ್ನು ಉಪಯೋಗಿಸುವುದು ಈ ಕಾರಣಕ್ಕೆ.

ಇನ್ನು ಪುಸ್ತಕವು ಕೊಟ್ಟಿರುವ 99 ಮತ್ತು 0.5 ಎಂಬ ಸಂಖ್ಯೆಗಳ ಮಾತು. ನಿಜಜೀವನದಲ್ಲಿ ಇವೂ ಯಾವುದೋ ಗುಂಪಿನ ಮೇಲೆ ಅಳೆದು ಪಡೆದ ಅಂದಾಜುಗಳು. ರೋಗ ಬಲಿತವರ ಮೇಲೆ ಅಳೆದ ಪರೀಕ್ಷೆಯು ಆರಂಭದ ಹಂತದ ರೋಗಿಗಳನ್ನು ಅಷ್ಟು ಚೆನ್ನಾಗಿ ಗುರುತಿಸದಿರಬಹುದು. 99ರ ಬದಲು 80 ಎಂದಿಟ್ಟುಕೊಂಡರೆ ಪಾಸಿಟಿವ್ ಬಂದವರಲ್ಲಿ ರೋಗಿಗಳು 160, ಒಟ್ಟು 1,159; ಉತ್ತರ ಶೇಕಡಾ 16.5ರಿಂದ 13.8ಕ್ಕೆ ಇಳಿಯುತ್ತದೆ, ಅಷ್ಟೆ. ಆದರೆ ಸುಳ್ಳು ಪಾಸಿಟಿವ್ ಅರ್ಧ ಶೇಕಡಾದಿಂದ ಒಂದು ಶೇಕಡಾಕ್ಕೆ ಏರಿದರೆ 198ರ ಎದುರು 1,998 ನಿಲ್ಲುತ್ತದೆ. ಉತ್ತರ ಶೇಕಡಾ 9ಕ್ಕೆ ಕುಸಿಯುತ್ತದೆ. ಅಪರೂಪದ ರೋಗದ ತಪಾಸಣೆಯಲ್ಲಿ ಜಾಹೀರಾತಿನ ದೊಡ್ಡ ಅಕ್ಷರಗಳಲ್ಲಿ ಕಾಣುವುದು ಮೊದಲ ಸಂಖ್ಯೆ. ಪಾಸಿಟಿವ್ ಬಂದವರ ಪಾಲನ್ನು ಹೆಚ್ಚಾಗಿ ತೀರ್ಮಾನಿಸುವುದು ಎರಡನೆಯದು.