ಹತ್ತು ಕಂಬಳಿ ಮಾರಿದರೂ ಖಾತೆಗೆ ಬಂದದ್ದು 23,292

ಚಳ್ಳಕೆರೆ ಸೀಮೆಯ ಕಂಬಳಿ ಮುಟ್ಟಲು ಒರಟು. ಕುರಿಯ ಉಣ್ಣೆ ನೂತು, ಹುಣಸೆ ಬೀಜದ ಸರಿ ಹಚ್ಚಿ, ಮಗ್ಗದಲ್ಲಿ ನೇಯುವುದರಿಂದ ಅದಕ್ಕೆ ಆ ಬಿಗಿ, ಆ ವಾಸನೆ. ಬಳಸಿ ಬಲ್ಲವರಿಗೆ ಅದೇ ಇಷ್ಟ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕುಳಿತು ಮೊಬೈಲಿನಲ್ಲಿ ಫೋಟೊ ನೋಡಿ ತರಿಸಿಕೊಂಡವರಲ್ಲಿ ಕೆಲವರು ಮಾತ್ರ ‘ಚುಚ್ಚುತ್ತದೆ’ ಎಂದು ವಾಪಸ್ ಕಳಿಸುತ್ತಾರೆ. ಈ ವಾಪಸಾತಿಗೂ ಮಾರಿದವರ ಬ್ಯಾಂಕ್ ಖಾತೆಗೂ ಇರುವ ನಂಟನ್ನು ಒಂದು ಲೆಕ್ಕದ ಮೂಲಕ ನೋಡೋಣ.

ದೊಡ್ಡಉಳ್ಳಾರ್ತಿಯಲ್ಲಿ ಕುಳಿತು ತನ್ನದೇ ಜಾಲತಾಣದಲ್ಲಿ ಕಂಬಳಿ ಮಾರುವ ಒಬ್ಬ ಹುಡುಗ ಇದ್ದಾನೆ ಎಂದಿಟ್ಟುಕೊಳ್ಳಿ. ಒಂದರ ಬೆಲೆ 3,000 ರೂಪಾಯಿ. ಒಂದು ವಾರದಲ್ಲಿ ಹತ್ತು ಮಾರಿದ, ಒಟ್ಟು 30,000. ಎರಡು ವಾಪಸ್ ಬಂದವು. ಆ ವಾರದ ಲೆಕ್ಕಕ್ಕೆ ಬ್ಯಾಂಕಿಗೆ ಬಂದದ್ದು 23,292 ರೂಪಾಯಿ. 6,708 ಎಲ್ಲಿ ಹೋಯಿತು? ಮನೆಯಲ್ಲಿ ಯಾರನ್ನು ಕೇಳಿದರೂ ‘ಹದಿನೆಂಟು ಪರ್ಸೆಂಟ್ ಜಿಎಸ್‌ಟಿ ಹಿಡಿದಿದ್ದಾರೆ’ ಎಂಬ ಉತ್ತರ ಬರುತ್ತದೆ. ಅದು ತಪ್ಪು ಊಹೆ. ತೆರಿಗೆ ಇಲ್ಲಿ ಎಲ್ಲಕ್ಕಿಂತ ಸಣ್ಣ ಪಾಲು.

ಗಿರಾಕಿ ಕೊಟ್ಟ ಹಣ ನೇರವಾಗಿ ಮಾರಾಟಗಾರನ ಖಾತೆಗೆ ಬರುವುದಿಲ್ಲ. ನಡುವೆ ಪೇಮೆಂಟ್ ಗೇಟ್‌ವೇ ಇದೆ. ಗಿರಾಕಿಯ ಬ್ಯಾಂಕು, ಕಾರ್ಡಿನ ಜಾಲ, ಮಾರಾಟಗಾರನ ಬ್ಯಾಂಕು ಇವನ್ನೆಲ್ಲ ಜೋಡಿಸುವ ಕಂಪನಿ ಅದು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಹಣವನ್ನು ತನ್ನ ಕೈಯಲ್ಲಿ ಪಡೆದು ಹಂಚುವ ಇಂಥ ಕಂಪನಿ ಅದನ್ನು ಬ್ಯಾಂಕಿನ ಎಸ್ಕ್ರೊ ಖಾತೆಯಲ್ಲಿ ಬೇರೆಯಾಗಿ ಇಡಬೇಕು. ಒಂದೆರಡು ದಿನ ಅಲ್ಲಿ ಕುಳಿತ ಹಣ ಕಡಿತಗಳಾದ ಮೇಲೆ ಒಟ್ಟಾಗಿ ಮಾರಾಟಗಾರನಿಗೆ ಬರುತ್ತದೆ. ಇದಕ್ಕೆ ಸೆಟಲ್‌ಮೆಂಟ್ ಎನ್ನುತ್ತಾರೆ. ಶೇಂಗಾ ಹಾಕಿ ಬಂದವರ ಕೈಗೆ ಮಂಡಿಯವರು ಖರ್ಚು ಕಳೆದ ಪಟ್ಟಿ ಕೊಡುತ್ತಾರಲ್ಲ, ಇದೂ ಹಾಗೆಯೇ. ಒಂದು ವ್ಯತ್ಯಾಸವೆಂದರೆ ಈ ಪಟ್ಟಿಯನ್ನು ಕೈಗೆ ತಂದು ಕೊಡುವವರಿಲ್ಲ, ಡೌನ್‌ಲೋಡ್ ಮಾಡಿಕೊಂಡು ನಾವೇ ಓದಬೇಕು. ಬಹಳ ಮಂದಿ ಓದುವುದಿಲ್ಲ ಎಂಬುದೇ ನನ್ನ ಚಿಂತೆ.

ಈಗ ಕಡಿತದ ಲೆಕ್ಕ. ಗೇಟ್‌ವೇ ಕಮಿಷನ್ ಶೇ. 2 ಎಂದು ಹಿಡಿಯೋಣ, ಸಾಮಾನ್ಯವಾಗಿ ಕಾಣುವ ದರ ಅದು. 3,000ಕ್ಕೆ 60 ರೂಪಾಯಿ. ಜಿಎಸ್‌ಟಿ ಶೇ. 18 ಬೀಳುವುದು ಈ 60 ರೂಪಾಯಿಯ ಮೇಲೆ, ಕಂಬಳಿಯ ಬೆಲೆಯ ಮೇಲಲ್ಲ. ಗೇಟ್‌ವೇ ನಮಗೆ ಮಾರಿದ್ದು ಒಂದು ಸೇವೆ, ಆ ಸೇವೆಯ ಬೆಲೆ 60, ಅದರ ತೆರಿಗೆ 10 ರೂಪಾಯಿ 80 ಪೈಸೆ. ಎರಡೂ ಸೇರಿ ಒಂದು ಕಂಬಳಿಗೆ 70.80, ಅಂದರೆ ಬೆಲೆಯ ಶೇ. 2.36. ಹತ್ತಕ್ಕೆ 708 ರೂಪಾಯಿ, ಅದರಲ್ಲಿ ತೆರಿಗೆ 108 ಮಾತ್ರ. ಕಂಬಳಿ ಮಾರಾಟದ ಮೇಲೆ ಇವನು ಕಟ್ಟಬೇಕಾದ ಜಿಎಸ್‌ಟಿ ಏನಾದರೂ ಇದ್ದರೆ ಅದು ಬೇರೆಯದೇ ಲೆಕ್ಕ. ಸೆಟಲ್‌ಮೆಂಟ್ ಪಟ್ಟಿಯಲ್ಲಿ ಕಾಣುವ ತೆರಿಗೆ ಕಮಿಷನ್ನಿನ ಮೇಲಿನದು.

ಸಾಮಾನ್ಯ ಪದ್ಧತಿಯಲ್ಲಿ ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಗೇಟ್‌ವೇ ಕೊಡುವ ಬಿಲ್ಲಿನ ಆಧಾರದ ಮೇಲೆ ಆ 108 ರೂಪಾಯಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹೊಂದಿಸಿಕೊಳ್ಳಬಹುದು. ನೋಂದಣಿ ಇಲ್ಲದವರಿಗೆ, ಕಾಂಪೊಸಿಷನ್ ಯೋಜನೆಯಲ್ಲಿ ಇರುವವರಿಗೆ ಆ ಹಣ ಹೋದ ಹಾಗೆಯೇ. ಇನ್ನೊಂದು ಸೂಕ್ಷ್ಮವೂ ಇದೆ. ಒಂದು ವ್ಯವಹಾರದ ಮೊತ್ತ 2,000 ರೂಪಾಯಿಯೊಳಗಿದ್ದು ಗಿರಾಕಿ ಕಾರ್ಡಿನಲ್ಲಿ ಕೊಟ್ಟಿದ್ದರೆ ಕಮಿಷನ್ ಮೇಲಿನ ಜಿಎಸ್‌ಟಿಗೆ ವಿನಾಯಿತಿ ಇದೆ. ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿದ್ದು ಹಣ ಪಡೆದು ಹಂಚುವ ಕಂಪನಿಗಳಿಗೂ ಈ ವಿನಾಯಿತಿ ಸಲ್ಲುತ್ತದೆ, ಹಣ ಮುಟ್ಟದೆ ಬರೀ ತಂತ್ರಜ್ಞಾನ ಒದಗಿಸುವವರಿಗೆ ಸಲ್ಲುವುದಿಲ್ಲ ಎಂದು 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿತು. 1,900 ರೂಪಾಯಿಯ ಚಿಕ್ಕ ಕಂಬಳಿಯ ಸಾಲಿನಲ್ಲಿ ತೆರಿಗೆ ಸೊನ್ನೆ ಇದ್ದು, 3,000ದ ಸಾಲಿನಲ್ಲಿ 10.80 ಕಂಡರೆ ಗಾಬರಿ ಬೇಡ. ಬ್ಯಾಂಕ್ ಖಾತೆಯಿಂದ ನೇರ ಬರುವ ಯುಪಿಐ ಹಣಕ್ಕಂತೂ 2020ರ ಜನವರಿ 1ರಿಂದ ವ್ಯಾಪಾರಿಗಳಿಂದ ಪಡೆಯುವ ಎಂಡಿಆರ್ ಶುಲ್ಕವೇ ಇಲ್ಲ. ಆದರೂ ಗೇಟ್‌ವೇ ಕಂಪನಿ ತನ್ನ ವೇದಿಕೆಯ ಬಾಡಿಗೆ ಎಂದು ಒಪ್ಪಂದದಲ್ಲಿ ದರ ಬರೆದಿರಬಹುದು. ಒಪ್ಪಂದದ ಆ ಪುಟವನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಕಾಣೆಯಾದ 6,708ರಲ್ಲಿ 708 ಸಿಕ್ಕಿತು. ಉಳಿದ 6,000 ವಾಪಸ್ ಬಂದ ಎರಡು ಕಂಬಳಿಗಳ ಬೆಲೆ. ಅದನ್ನು ಯಾರೂ ನುಂಗಿಲ್ಲ, ಗಿರಾಕಿಗಳಿಗೆ ಹಿಂದಿರುಗಿಸಬೇಕಾದ ಹಣ. ಗೊಂದಲ ಶುರುವಾಗುವುದು ಇಲ್ಲಿಂದಲೇ. ಹುಡುಗ ಪರದೆಯ ಮೇಲೆ ರೀಫಂಡ್ ಒತ್ತಿದ ಕ್ಷಣ ಅವನ ಬಾಕಿಯಿಂದ 3,000 ಕಳೆದುಹೋಗುತ್ತದೆ. ಗಿರಾಕಿಯ ಕಾರ್ಡಿಗೆ ಅದು ತಲುಪಲು ಬಂದ ದಾರಿಯಲ್ಲೇ ಹಿಂದೆ ಹೋಗಬೇಕು, ಐದಾರು ಕೆಲಸದ ದಿನಗಳೇ ಬೇಕಾಗಬಹುದು. ಆ ಅವಧಿಯಲ್ಲಿ ಹಣ ಇವನ ಬಳಿಯೂ ಇಲ್ಲ, ಅವರ ಬಳಿಯೂ ಇಲ್ಲ. ‘ಏನ್ ಸಾರ್, ದುಡ್ಡು ಯಾವಾಗ ಹಾಕ್ತೀರಿ?’ ಎಂದು ಅತ್ತಲಿಂದ ಫೋನು, ‘ಹಾಕಿ ಆಯ್ತಲ್ಲ’ ಎಂದು ಇತ್ತಲಿಂದ ಉತ್ತರ. ಇಬ್ಬರ ಮಾತೂ ನಿಜ. ಇಂಥ ಹೊತ್ತಿನಲ್ಲಿ ರೀಫಂಡಿನ ಉಲ್ಲೇಖ ಸಂಖ್ಯೆಯನ್ನು ಗಿರಾಕಿಗೆ ಕಳಿಸಬೇಕು. ಅದನ್ನು ತೋರಿಸಿದರೆ ಹಣ ಎಲ್ಲಿದೆ ಎಂದು ಅವರ ಬ್ಯಾಂಕೇ ಹುಡುಕುತ್ತದೆ.

ಹಾಗಾದರೆ ಹುಡುಗ ನಿಜವಾಗಿ ಕಳೆದುಕೊಂಡದ್ದು ಎಷ್ಟು? ಉಳಿದದ್ದು ಎಂಟು ಮಾರಾಟ, 24,000 ರೂಪಾಯಿ. ಆ ಎಂಟಕ್ಕೆ ಶುಲ್ಕ 566.40. ಹಾಗಿದ್ದರೆ 23,433.60 ಬರಬೇಕಿತ್ತು, ಬಂದದ್ದು 23,292. ಕಡಿಮೆಯಾದ 141.60 ವಾಪಸ್ ಬಂದ ಎರಡು ಕಂಬಳಿಗಳಿಗೆ ಮೊದಲೇ ಹಿಡಿದ ಶುಲ್ಕ. ರೀಫಂಡ್ ಆದಾಗ ಗಿರಾಕಿಗೆ ಪೂರ್ತಿ ಹಣ ಹೋಗುತ್ತದೆ, ಆದರೆ ಬಹುತೇಕ ಒಪ್ಪಂದಗಳಲ್ಲಿ ಕಮಿಷನ್ನೂ ಅದರ ತೆರಿಗೆಯೂ ಮಾರಾಟಗಾರನಿಗೆ ಮರಳುವುದಿಲ್ಲ. ಹೀಗಾಗಿ ನಿಂತ ಮಾರಾಟದ ಮೇಲೆ ಬಿದ್ದ ನಿಜವಾದ ದರ 2.36 ಅಲ್ಲ, 708ನ್ನು 24,000ದಿಂದ ಭಾಗಿಸಿದರೆ ಶೇ. 2.95. ಹತ್ತರಲ್ಲಿ ಐದು ವಾಪಸ್ ಬಂದರೆ ಇದು 4.72ಕ್ಕೆ ಏರುತ್ತದೆ. ಕಂಬಳಿ ಒರಟು ಎಂದು ಫೋಟೊದ ಕೆಳಗೆ ಮೊದಲೇ ಬರೆದುಬಿಟ್ಟರೆ ಶುಲ್ಕದ ದರವೇ ಇಳಿಯುತ್ತದೆ ಎಂಬುದು ಈ ಲೆಕ್ಕದಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ. ಗೇಟ್‌ವೇಯವರ ಜೊತೆ ಕಾಲು ಪರ್ಸೆಂಟಿಗೆ ಚೌಕಾಸಿ ಮಾಡುವುದಕ್ಕಿಂತ ಇದು ಸುಲಭ.

ಕಂಬಳಿಯಂಥ ಹಂಗಾಮಿನ ಸರಕಿಗೆ ಇನ್ನೊಂದು ತೊಡಕಿದೆ. ಚಳಿಯಲ್ಲಿ ಮಾರಾಟ ಜೋರು, ವಾಪಸಾತಿ ಬರುವ ಹೊತ್ತಿಗೆ ಬಿಸಿಲು ಏರಿ ಮಾರಾಟ ಇಳಿದಿರುತ್ತದೆ. ಗೇಟ್‌ವೇಯಲ್ಲಿ ಇವನ ಬಾಕಿ ಸಾಲದಿದ್ದರೆ ರೀಫಂಡ್ ಮುಂದೆ ಹೋಗದೆ ‘ಪೆಂಡಿಂಗ್’ ಎಂದು ನಿಲ್ಲಬಹುದು. ಇವನು ಹಣ ತುಂಬಬೇಕು, ಇಲ್ಲವೇ ಹೊಸ ಮಾರಾಟ ಬರುವ ತನಕ ಗಿರಾಕಿ ಕಾಯಬೇಕು. ಹಾಗೆ ನಿಂತಿದ್ದ ರೀಫಂಡ್ ಮುಂದಿನ ವಾರದ ಸೆಟಲ್‌ಮೆಂಟಿನಲ್ಲಿ ಕಡಿತವಾದಾಗ, ಆ ವಾರ ಒಂದೂ ಕಂಬಳಿ ವಾಪಸ್ ಬರದಿದ್ದರೂ ಹಣ ಕಡಿಮೆ ಬಂದಂತೆ ಕಾಣುತ್ತದೆ.

ಆದ್ದರಿಂದ ವಾರದ ಮಾರಾಟದ ಮೊತ್ತವನ್ನು ವಾರದ ಜಮೆಗೆ ಹೋಲಿಸಬಾರದು. ಶನಿವಾರದ ಆರ್ಡರಿನ ಹಣ ಮುಂದಿನ ವಾರ ಬರುತ್ತದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಪ್ರತಿ ಜಮೆಯ ಎದುರು ಯುಟಿಆರ್ ಎಂಬ ಸಂಖ್ಯೆ ಇರುತ್ತದೆ. ಅದೇ ಸಂಖ್ಯೆಯ ಸೆಟಲ್‌ಮೆಂಟ್ ಪಟ್ಟಿ ತೆರೆದು, ಅದರೊಳಗಿನ ಪ್ರತಿ ಸಾಲನ್ನೂ ಆರ್ಡರ್ ಪುಸ್ತಕದ ಜೊತೆ ತಾಳೆ ನೋಡಬೇಕು. ಹಣ, ಕಮಿಷನ್, ತೆರಿಗೆ, ರೀಫಂಡ್ ಎಂಬ ನಾಲ್ಕು ಅಂಕಣ ಸಾಕು. ಹೀಗೆ ತಾಳೆ ನೋಡುವವರ ಕಣ್ಣಿಗೆ ಕೆಲವೊಮ್ಮೆ ವಿಚಿತ್ರವಾದ ಒಂದು ಸಾಲು ಬೀಳುತ್ತದೆ: ಯಾವ ಆರ್ಡರೂ ಇಲ್ಲದೆ ಜಮೆಯಾದ 3,000. ಗಿರಾಕಿಯ ಕಾರ್ಡು ಅಷ್ಟರಲ್ಲಿ ರದ್ದಾಗಿ, ರೀಫಂಡ್ ತಲುಪದೆ ಹಿಂದೆ ಬಂದಿರಬಹುದು. ಅದನ್ನು ಮಾರಾಟ ಎಂದು ಬರೆದುಕೊಂಡರೆ ಲೆಕ್ಕ ಮತ್ತೆ ಕೆಡುತ್ತದೆ. ಆ ಗಿರಾಕಿಗೆ ಫೋನ್ ಮಾಡಿ ಬೇರೆ ಖಾತೆಯ ವಿವರ ಕೇಳಬೇಕು. ಕಂಬಳಿ ಇವನ ಮನೆಯಲ್ಲಿದೆ, ದುಡ್ಡು ಇನ್ನೂ ಅವರದು.