ವಾಕ್ಯವನ್ನು ಬಿಚ್ಚುವ ಬಗೆ

‘ಮಳೆ ಬಂತು, ಆದ್ದರಿಂದ ಆಟ ನಿಂತಿತು.’ ‘ಮಳೆ ಬಂದದ್ದರಿಂದ ಆಟ ನಿಂತಿತು.’ ಈ ಎರಡು ಮಾತುಗಳಿಗೂ ಅರ್ಥ ಒಂದೇ. ಆದರೂ ವ್ಯಾಕರಣದ ಲೆಕ್ಕದಲ್ಲಿ ಮೊದಲನೆಯದು ಸಂಯೋಜಿತ ವಾಕ್ಯ, ಎರಡನೆಯದು ಮಿಶ್ರ ವಾಕ್ಯ. ವಾಕ್ಯ ಏನು ಹೇಳುತ್ತದೆ, ಎಷ್ಟು ಉದ್ದವಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಒಳಗಿನ ತುಂಡುಗಳಲ್ಲಿ ಯಾವುದು ತನ್ನ ಕಾಲ ಮೇಲೆ ನಿಂತಿದೆ, ಯಾವುದು ಇನ್ನೊಂದನ್ನು ಆತುಕೊಂಡಿದೆ ಎಂಬುದಷ್ಟೇ ಮುಖ್ಯ.

ಹಳೆಯ ಕನ್ನಡ ವ್ಯಾಕರಣದಲ್ಲಿ ಈ ವಿಂಗಡಣೆಗೆ ಜಾಗವಿಲ್ಲ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಧಿ, ನಾಮ, ಸಮಾಸ, ಆಖ್ಯಾತ ಎಂದು ಪ್ರಕರಣಗಳನ್ನು ಮಾಡಿದ; ವಾಕ್ಯಕ್ಕೆಂದೇ ಒಂದು ಪ್ರಕರಣ ಅದರಲ್ಲಿಲ್ಲ. ಈಗ ನಮ್ಮ ಶಾಲೆಗಳಲ್ಲಿ ಸಾಮಾನ್ಯ, ಸಂಯೋಜಿತ, ಮಿಶ್ರ ಎಂಬ ಮೂರು ಬಗೆ ಕಲಿಸುತ್ತಾರೆ. ಇಂಗ್ಲಿಷ್ ವ್ಯಾಕರಣದಲ್ಲಿ ಇವುಗಳ ಜೊತೆಗೆ ನಾಲ್ಕನೆಯದೊಂದಿದೆ. ಅದನ್ನು ಸಂಯೋಜಿತ-ಮಿಶ್ರ ಎನ್ನೋಣ. ಕನ್ನಡದಲ್ಲೂ ಅಂಥ ವಾಕ್ಯಗಳು ದಿನವೂ ಬಾಯಲ್ಲಿ ಬರುತ್ತವೆ.

ವಿಂಗಡಿಸುವ ದಾರಿ ಕ್ರಿಯಾಪದದಿಂದ ಶುರುವಾಗುತ್ತದೆ. ಮೊದಲು ವಾಕ್ಯದಲ್ಲಿರುವ ಪೂರ್ಣ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಬೇಕು. ಯಾವುದರ ಮುಂದೆ ಪೂರ್ಣವಿರಾಮ ಇಡಬಹುದೋ ಅದು ಪೂರ್ಣ ಕ್ರಿಯಾಪದ: ಬಂದಳು, ತುಂಬಿತು, ಹೋಗುತ್ತೇವೆ. ಇದೆ, ಇಲ್ಲ, ಬೇಕು ಕೂಡ ಇದೇ ಸಾಲಿಗೆ ಸೇರುತ್ತವೆ. ಬಂದು, ತುಂಬಿ, ಹೋಗುತ್ತ, ಬಂದರೆ ಇವು ಕೃದಂತದ ಜಾತಿಯವು. ಅಲ್ಲಿಗೇ ನಿಲ್ಲಿಸಿದರೆ ಕೇಳುವವರು ‘ಆಮೇಲೆ?’ ಎನ್ನುತ್ತಾರೆ.

ಇಲ್ಲೇ ಹೆಚ್ಚು ಜನ ಎಡವುವುದು. ‘ಅಕ್ಕ ಬೆಳಿಗ್ಗೆ ಎದ್ದು, ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕಿದಳು’ ಎಂಬಲ್ಲಿ ನಾಲ್ಕು ಕೆಲಸ ಕಂಡಿತೆಂದು ಅದನ್ನು ಸಂಯೋಜಿತ ಎಂದುಬಿಡುತ್ತಾರೆ. ಪೂರ್ಣ ಕ್ರಿಯಾಪದ ‘ಹಾಕಿದಳು’ ಒಂದೇ, ನಾಲ್ಕೂ ಕೆಲಸ ಮಾಡಿದವಳು ಅಕ್ಕ ಒಬ್ಬಳೇ. ಇದು ಸಾಮಾನ್ಯ ವಾಕ್ಯ. ಇದನ್ನೇ ‘ಎದ್ದಳು, ಗುಡಿಸಿದಳು, ಚಿಮುಕಿಸಿದಳು, ಹಾಕಿದಳು’ ಎಂದು ಹೇಳಿದ್ದರೆ ಸಂಯೋಜಿತವಾಗುತ್ತಿತ್ತು. ‘ಮತ್ತು’ ಕಂಡ ಕೂಡಲೇ ಸಂಯೋಜಿತ ಎನ್ನುವುದೂ ಇಂಥದೇ ಅವಸರ. ‘ಅಪ್ಪ ಮತ್ತು ಚಿಕ್ಕಪ್ಪ ಸಂತೆಗೆ ಹೋದರು’ ಎಂಬಲ್ಲಿ ‘ಮತ್ತು’ ಕೂಡಿಸಿರುವುದು ಇಬ್ಬರು ಮನುಷ್ಯರನ್ನು, ಎರಡು ವಾಕ್ಯಗಳನ್ನಲ್ಲ.

‘ಬಂದ’, ‘ಹೇಳಿದ’ ಎಂಬ ರೂಪಗಳು ಎರಡು ವೇಷ ಹಾಕುತ್ತವೆ. ‘ಮಾವ ಬಂದ’ ಎಂದಾಗ ಅದು ಪೂರ್ಣ. ‘ನಿನ್ನೆ ಬಂದ ಮಾವ’ ಎಂದಾಗ ಕೃದಂತ. ಅನುಮಾನ ಬಂದರೆ ‘ನು’ ಸೇರಿಸಿ ನೋಡಿ. ‘ಮಾವ ಬಂದನು’ ಸರಿಯಾಗಿ ಕೂರುತ್ತದೆ, ‘ನಿನ್ನೆ ಬಂದನು ಮಾವ ಮಲಗಿದ್ದಾನೆ’ ಕೂರುವುದಿಲ್ಲ. ಇಂಗ್ಲಿಷ್‌ನಲ್ಲಿ ‘ಹೂ’ ಹಾಕಿ ಇದೇ ಮಾತನ್ನು ಹೇಳಿದರೆ ಅಲ್ಲೊಂದು ಪೂರ್ಣ ಕ್ರಿಯಾಪದ ಬಂದು ವಾಕ್ಯ ಮಿಶ್ರವಾಗುತ್ತದೆ. ಕನ್ನಡ ಅದನ್ನು ಒಂದು ಕೃದಂತದಲ್ಲಿ ಮುಗಿಸುತ್ತದೆ. ಹಾಗಾಗಿ ಇಂಗ್ಲಿಷ್ ವಾಕ್ಯದ ಹಣೆಪಟ್ಟಿಯನ್ನು ಅದರ ಕನ್ನಡ ಅನುವಾದಕ್ಕೆ ಅಂಟಿಸಲು ಬರುವುದಿಲ್ಲ.

ಎರಡನೆಯ ಹೆಜ್ಜೆ, ಉಳಿದ ಕೃದಂತಗಳಿಗೆ ಸ್ವಂತ ಕರ್ತೃ ಇದೆಯೇ ಎಂದು ನೋಡುವುದು. ‘ಮಳೆ ಬಂದರೆ ಹೊಳೆ ತುಂಬುತ್ತದೆ’ ಎಂಬಲ್ಲಿ ಬರುವುದು ಮಳೆ, ತುಂಬುವುದು ಹೊಳೆ. ‘ಬಂದರೆ’ ತನ್ನದೇ ಕರ್ತೃವನ್ನು ಇಟ್ಟುಕೊಂಡಿರುವುದರಿಂದ ‘ಮಳೆ ಬಂದರೆ’ ಎಂಬುದನ್ನು ಅಧೀನ ವಾಕ್ಯವೆಂದು ಎಣಿಸಬೇಕು; ಇಡೀ ವಾಕ್ಯ ಮಿಶ್ರ. ಅಕ್ಕನ ವಾಕ್ಯದಲ್ಲಿ ಎದ್ದು, ಗುಡಿಸಿ ಇವುಗಳಿಗೆ ಬೇರೆ ಕರ್ತೃ ಇರಲಿಲ್ಲ. ಇಲ್ಲಿ ಎಲ್ಲರೂ ಒಪ್ಪುತ್ತಾರೆಂದಲ್ಲ. ಪೂರ್ಣ ಕ್ರಿಯಾಪದ ಒಂದೇ ಇದ್ದರೆ ಸಾಮಾನ್ಯ ಎಂದು ಕಟ್ಟುನಿಟ್ಟಾಗಿ ಹಿಡಿಯುವವರೂ ಇದ್ದಾರೆ, ಪ್ರತಿ ಕೃದಂತವೂ ಒಂದು ಅಧೀನ ವಾಕ್ಯ ಎನ್ನುವವರೂ ಇದ್ದಾರೆ. ಕರ್ತೃವನ್ನು ನೋಡುವ ನಡುದಾರಿ ಹೆಚ್ಚು ಕಡೆ ಕೈಹಿಡಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಪರೀಕ್ಷೆ ಬರೆಯುವ ಮಕ್ಕಳು ಮಾತ್ರ ತಮ್ಮ ಪಠ್ಯದ ವ್ಯಾಖ್ಯೆಯನ್ನೇ ಹಿಡಿಯಲಿ.

ಮೂರನೆಯ ಹೆಜ್ಜೆಯಲ್ಲಿ ವಾಕ್ಯವನ್ನು ತುಂಡು ಮಾಡಿ, ಪ್ರತಿ ತುಂಡನ್ನೂ ಒಂಟಿಯಾಗಿ ಓದಬೇಕು. ಕತ್ತರಿಸುವಾಗ ತುಂಡಿನ ಕೊನೆಯ ಕೊಂಡಿಪದವನ್ನು ಅದರ ಜೊತೆಗೇ ಬಿಡಬೇಕು. ಈ ಎಚ್ಚರ ಏಕೆಂಬುದು ಒಂದು ಉದಾಹರಣೆಯಲ್ಲಿ ಗೊತ್ತಾಗುತ್ತದೆ:

‘ಕೊನೆಯ ಬಸ್ಸು ಹೊರಟುಹೋಯಿತು ಎಂದು ಟೀ ಅಂಗಡಿಯವನು ಹೇಳಿದ, ಆದರೆ ಅಜ್ಜಿ ಬುಟ್ಟಿ ಕೆಳಗಿಟ್ಟು ನಿಲ್ದಾಣದಲ್ಲೇ ಕೂತಳು.’

ಪೂರ್ಣ ಕ್ರಿಯಾಪದಗಳು ಮೂರು: ಹೊರಟುಹೋಯಿತು, ಹೇಳಿದ, ಕೂತಳು. ‘ಹೊರಟುಹೋಯಿತು’ ಎರಡು ಧಾತುಗಳಿಂದಾದರೂ ಒಂದೇ ಕ್ರಿಯಾಪದ. ‘ಕೆಳಗಿಟ್ಟು’ ಕೃದಂತ, ಬುಟ್ಟಿ ಇಟ್ಟವಳೂ ಕೂತವಳೂ ಅಜ್ಜಿಯೇ, ಆದ್ದರಿಂದ ಅದನ್ನು ಬೇರೆ ಎಣಿಸುವುದಿಲ್ಲ. ಈಗ ‘ಕೊನೆಯ ಬಸ್ಸು ಹೊರಟುಹೋಯಿತು’ ಎಂದಷ್ಟೇ ಕತ್ತರಿಸಿದರೆ ಅದು ಚೆನ್ನಾಗಿಯೇ ನಿಲ್ಲುತ್ತದೆ, ಸ್ವತಂತ್ರವೆಂದು ಮೋಸ ಮಾಡುತ್ತದೆ. ‘ಹೊರಟುಹೋಯಿತು ಎಂದು’ ಎಂದು ಓದಿದಾಗ ಮಾತು ಗಾಳಿಯಲ್ಲಿ ನೇತಾಡುತ್ತದೆ. ಇದು ‘ಹೇಳಿದ’ ಎಂಬುದಕ್ಕೆ ಅಧೀನ. ಅಂಗಡಿಯವನು ಹೇಳಿದ್ದೂ ಅಜ್ಜಿ ಕೂತದ್ದೂ ಸ್ವತಂತ್ರ. ಎರಡು ಸ್ವತಂತ್ರ, ಒಂದು ಅಧೀನ: ಸಂಯೋಜಿತ-ಮಿಶ್ರ ವಾಕ್ಯ ಸಿಕ್ಕಿತು. ಕೊನೆಗೆ ಉಳಿಯುವುದು ಈ ಎಣಿಕೆಯಷ್ಟೇ. ಸ್ವತಂತ್ರ ಒಂದೇ ಇದ್ದು ಅಧೀನ ಇಲ್ಲದಿದ್ದರೆ ಸಾಮಾನ್ಯ. ಸ್ವತಂತ್ರ ಎರಡೋ ಹೆಚ್ಚೋ ಇದ್ದು ಅಧೀನ ಇಲ್ಲದಿದ್ದರೆ ಸಂಯೋಜಿತ. ಸ್ವತಂತ್ರ ಒಂದು, ಅಧೀನ ಒಂದೋ ಹಲವೋ ಇದ್ದರೆ ಮಿಶ್ರ.

ಈ ವಾಕ್ಯವನ್ನು ತುಸು ಬದಲಿಸೋಣ. ‘ಕೊನೆಯ ಬಸ್ಸು ಹೊರಟುಹೋಯಿತು, ಇನ್ನು ನಾಳೆಯೇ ಬಸ್ಸು ಬರುತ್ತದೆ ಎಂದು ಅಂಗಡಿಯವನು ಹೇಳಿದ.’ ಪೂರ್ಣ ಕ್ರಿಯಾಪದ ಇಲ್ಲೂ ಮೂರು, ನಡುವೆ ಅಲ್ಪವಿರಾಮವೂ ಇದೆ. ಆದರೆ ‘ಎಂದು’ ತನ್ನ ಹಿಂದಿನ ಎರಡು ತುಂಡುಗಳನ್ನೂ ಬಾಚಿಕೊಂಡಿದೆ. ಎರಡೂ ಅಂಗಡಿಯವನ ಮಾತೇ. ಸ್ವತಂತ್ರವಾಗಿ ಉಳಿದದ್ದು ‘ಹೇಳಿದ’ ಒಂದೇ, ಹಾಗಾಗಿ ಇದು ಮಿಶ್ರ. ಕನ್ನಡದಲ್ಲಿ ಇಂಥ ಕೊಂಡಿ ತುಂಡಿನ ಕೊನೆಗೆ ಬರುವುದರಿಂದ ವಾಕ್ಯವನ್ನು ಹಿಂದಿನಿಂದ ಮುಂದಕ್ಕೆ ಬಿಚ್ಚುವುದು ಸುಲಭ. ‘ಎಂದು’ ಕಂಡಲ್ಲಿ ನಿಂತು, ಯಾರ ಮಾತು ಎಲ್ಲಿಂದ ಶುರುವಾಯಿತು ಎಂದು ಹಿಂದಕ್ಕೆ ಹುಡುಕಬೇಕು.

‘ಆದರೆ’ ಕೂಡ ಒಂದು ಕಣ್ಕಟ್ಟು. ‘ಹುಷಾರಾಗಿದ್ದೇನೆ, ಆದರೆ ಬರುವುದಿಲ್ಲ’ ಎಂಬಲ್ಲಿ ಅದು ಎರಡು ಸ್ವತಂತ್ರ ವಾಕ್ಯಗಳ ನಡುವೆ ನಿಂತಿದೆ. ‘ಮಗ ಹುಷಾರಾದರೆ ಬರುತ್ತೇನೆ’ ಎಂಬಲ್ಲಿ ಅದು ಷರತ್ತು, ಅದರೊಳಗಿನ ಕರ್ತೃ ಮಗ, ಆದ್ದರಿಂದ ಮಿಶ್ರ. ‘ಆದರೆ’ಯ ಹಿಂದೆ ಪೂರ್ಣ ಕ್ರಿಯಾಪದ ಮುಗಿದಿದೆಯೇ ಎಂದು ನೋಡಿದರೆ ಸಾಕು.

ಇಷ್ಟಾದರೂ ಕ್ರಿಯಾಪದವೇ ಇಲ್ಲದ ವಾಕ್ಯಗಳು ಉಳಿಯುತ್ತವೆ. ‘ಅವರು ನಮ್ಮ ಮೇಷ್ಟ್ರು’ ಎಂದರೆ ಕನ್ನಡದಲ್ಲಿ ಪೂರ್ತಿ ವಾಕ್ಯ. ಇಲ್ಲಿ ‘ಮೇಷ್ಟ್ರು’ ಎಂಬ ನಾಮಪದವೇ ಕ್ರಿಯಾಪದದ ಜಾಗದಲ್ಲಿ ಕೂತಿದೆ, ಅದನ್ನೇ ಒಂದೆಂದು ಎಣಿಸಬೇಕು. ‘ಯಾರು ಮೊದಲು ಬರುತ್ತಾರೋ ಅವರಿಗೆ ಸೀಟು’ ಎಂಬಲ್ಲಿ ಬರೆದು ಕಾಣಿಸಿರುವ ಪೂರ್ಣ ಕ್ರಿಯಾಪದ ‘ಬರುತ್ತಾರೆ’ ಒಂದೇ. ಅದರ ಕೊನೆಯ ‘ಓ’ ಆ ತುಂಡನ್ನು ಅಧೀನ ಮಾಡಿದೆ, ಪ್ರಧಾನ ವಾಕ್ಯವಾದ ‘ಅವರಿಗೆ ಸೀಟು’ ಕ್ರಿಯಾಪದವಿಲ್ಲದೆಯೇ ನಿಂತಿದೆ. ಗೆರೆ ಎಳೆಯುವವರು ‘ಸೀಟು’ ಎಂಬುದರ ಮುಂದೆ ಒಂದು ‘ಸಿಗುತ್ತದೆ’ಯನ್ನು ಮನಸ್ಸಿನಲ್ಲೇ ಸೇರಿಸಿಕೊಂಡು ಎಣಿಸಬೇಕಾಗುತ್ತದೆ.