ಬಾಡಿದ ಸೊಪ್ಪು, ಲೋಳೆಗಟ್ಟಿದ ಅಣಬೆ

ಅನ್ನವನ್ನು ಪ್ರಸಾದವೆಂದು ಭಾವಿಸುವ ಮನೆಗಳಲ್ಲಿ ತರಕಾರಿಯನ್ನು ಎಸೆಯಲು ಮನಸ್ಸು ಹಿಂಜರಿಯುವುದು ಸಹಜ. ಆದರೆ ಬಾಡುವುದು ಬೇರೆ, ಕೊಳೆಯುವುದು ಬೇರೆ. ಬಾಡಿದ ತರಕಾರಿ ನೀರಿನಂಶವನ್ನಷ್ಟೇ ಕಳೆದುಕೊಂಡಿರುತ್ತದೆ. ಲೋಳೆ ಕಂಡಿತೆಂದರೆ ಸೂಕ್ಷ್ಮಾಣುಜೀವಿಗಳು ಬೆಳೆದು ಅದರ ಜೀವಕೋಶಗಳನ್ನು ಕರಗಿಸತೊಡಗಿವೆ ಎಂದರ್ಥ.

ಜೋತುಬಿದ್ದ ಪಾಲಕ್ ಸೊಪ್ಪನ್ನು ತಣ್ಣೀರಿನಲ್ಲಿ 15–20 ನಿಮಿಷ ನೆನೆಸಿರಿ. ಎಲೆಗಳು ಮತ್ತೆ ನಿಮಿರಿದರೆ ಅಂದೇ ಬೇಯಿಸಬಹುದು. ಕಟ್ಟಿನಲ್ಲಿ ಎರಡು-ಮೂರು ಎಲೆಗಳು ಮಾತ್ರ ಲೋಳೆಯಾಗಿದ್ದರೆ ಅವನ್ನೂ ಅವುಗಳಿಗೆ ಅಂಟಿದವನ್ನೂ ತೆಗೆದು, ಉಳಿದುದನ್ನು ತೊಳೆದು ಚೆನ್ನಾಗಿ ಬೇಯಿಸಬೇಕು. ಕಟ್ಟೆಲ್ಲ ಲೋಳೆಯಾಗಿ ನಾರುತ್ತಿದ್ದರೆ ಬಿಡಬೇಕು.

ಅಣಬೆ ಒಣಗಿ ತುಸು ಸುಕ್ಕುಗಟ್ಟಿದ್ದರೆ ಅಂದೇ ಅಡುಗೆಗೆ ಬಳಸಿರಿ. ಬೆರಳಿಗಂಟುವ ಲೋಳೆಯಾಗಲಿ, ಕೆಟ್ಟ ವಾಸನೆಯಾಗಲಿ ಕಂಡರೆ ಎಸೆಯಿರಿ. ಲೋಳೆಯನ್ನು ತೊಳೆದ ಮಾತ್ರಕ್ಕೆ ಒಳಗಿನ ಕೊಳೆತ ಹೋಗದು. ಸೂಕ್ಷ್ಮಾಣುಗಳು ಉಂಟುಮಾಡುವ ಕೆಲವು ವಿಷಗಳು ಕುದಿಸಿದರೂ ನಾಶವಾಗವು.

ಮೆತ್ತಗಾಗಿ ಬಾಗುವ ಗಜ್ಜರಿ, ಮೂಲಂಗಿ ಸಾರಿಗೆ ಯೋಗ್ಯ. ಆದರೆ ಒತ್ತಿದರೆ ಕುಸಿದು ನೀರೊಸರುವ ಸೌತೆಕಾಯಿ, ಬೂಷ್ಟು ಹಿಡಿದ ಟೊಮೇಟೊ ಬೇಡ. ಮೃದು ತರಕಾರಿಯಲ್ಲಿ ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆ ಹರಡಿರುವುದರಿಂದ, ಕೆಟ್ಟ ಭಾಗವನ್ನಷ್ಟೇ ಕತ್ತರಿಸಿದರೆ ಸಾಲದು. ಅಂಥವನ್ನು ಗೊಬ್ಬರದ ಗುಂಡಿಗೆ ಸೇರಿಸಿದರೆ ಮಣ್ಣಿಗಾದರೂ ಸಲ್ಲುತ್ತವೆ.